ಕೆಮ್ಮಿ ಕೆಮ್ಮಿ ಪಕ್ಕೆ ನೋವು: ಸ್ನಾಯು ಹಿಡಿದದ್ದಾ, ಬೇರೇನಾದರೂ ಇದೆಯಾ?

ಪ್ರಶ್ನೆ: ನನಗೆ 58 ವರ್ಷ. ಮೂರು ವಾರ ಕೆಮ್ಮು ಇತ್ತು, ಈಗ ಇಳಿದಿದೆ. ಆದರೆ ನಾಲ್ಕು ದಿನದಿಂದ ಕೆಮ್ಮಿದರೂ, ಉದ್ದಕ್ಕೆ ಉಸಿರು ಎಳೆದರೂ ಬಲಪಕ್ಕೆ ಚುಚ್ಚುತ್ತದೆ. ಮನೆಯವರು "ಪಕ್ಕೆ ಹಿಡಿದಿದೆ, ಎಣ್ಣೆ ಹಚ್ಚು" ಅನ್ನುತ್ತಾರೆ. ಎಕ್ಸ್‌ರೇ ಬೇಕಾ?

ಉತ್ತರ: ಮನೆಯವರು ಹೇಳಿದ್ದೇ ನಿಜ ಇರಬಹುದು. ಪಕ್ಕೆಲುಬುಗಳ ನಡುವೆ ತೆಳ್ಳಗಿನ ಸ್ನಾಯುಗಳಿವೆ. ವಾರಗಟ್ಟಲೆ ಕೆಮ್ಮಿದಾಗ ಅವು ಉಳುಕುತ್ತವೆ.

ಒಂದು ಪರೀಕ್ಷೆ ಮಾಡಿ ನೋಡಿ. ನೋವಿರುವ ಜಾಗವನ್ನು ಬೆರಳ ತುದಿಯಿಂದ ಒತ್ತಿ. ಆಮೇಲೆ ಸೊಂಟ ತಿರುಗಿಸಿ, ನೋವಿರುವ ಕಡೆಯ ಕೈಯನ್ನು ಮೇಲಕ್ಕೆ ಎತ್ತಿ. ಅದೇ ನೋವು ಬಂದರೆ ತೊಂದರೆ ಎದೆಗೂಡಿನ ಗೋಡೆಯಲ್ಲಿರುವ ಸಾಧ್ಯತೆ ಜಾಸ್ತಿ. ಎಲ್ಲಿ ಒತ್ತಿದರೂ ನೋಯದೆ, ಉಸಿರು ಎಳೆದಾಗ ಮಾತ್ರ ಒಳಗೆ ಚಾಕು ಹಾಕಿದ ಹಾಗಾದರೆ ಶ್ವಾಸಕೋಶದ ಹೊದಿಕೆಯ ಉರಿಯೂತದ ಅನುಮಾನ ಬರುತ್ತದೆ. ಆದರೆ ಈ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ.

ಇನ್ನೊಂದು ಮಾತು. ಕೆಮ್ಮಿನಿಂದಲೇ ಪಕ್ಕೆಲುಬು ಬಿರುಕು ಬಿಡಬಹುದು! ಐದರಿಂದ ಒಂಬತ್ತನೆಯ ಎಲುಬಿನವರೆಗೆ, ಕಂಕುಳಿನ ನೇರ ಕೆಳಗೆ ಇದು ಹೆಚ್ಚು. ಅಲ್ಲಿ ಒಂದು ಸ್ನಾಯು ಎಲುಬನ್ನು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ, ಉಬ್ಬಸಕ್ಕೆ ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಿಂದವರಲ್ಲಿ ಎಲುಬು ಟೊಳ್ಳಾಗಿರುತ್ತದೆ, ಅವರಿಗೆ ಅಪಾಯ ಜಾಸ್ತಿ. ಕೆಮ್ಮುವಾಗ "ಟಕ್" ಅಂದ ಹಾಗಾಗಿ, ಆಮೇಲೆ ಒಂದೇ ಬಿಂದುವಿನಲ್ಲಿ ಮುಟ್ಟಲಾಗದಷ್ಟು ನೋವಾದರೆ ಅದನ್ನೇ ಶಂಕಿಸಬೇಕು. ತಮಾಷೆ ಅಂದ್ರೆ, ಸಣ್ಣ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ನಿಮ್ಮ ವಯಸ್ಸಿಗೆ ಎಕ್ಸ್‌ರೇ ತೆಗೆಸುವುದು ಮೇಲು, ಅದೂ ಮುಖ್ಯವಾಗಿ ನ್ಯುಮೋನಿಯಾ ಇದೆಯಾ ಅಥವಾ ಶ್ವಾಸಕೋಶದ ಸುತ್ತ ನೀರು ತುಂಬಿದೆಯಾ ಅಂತ ನೋಡೋಕೆ.

ಉಳುಕಾಗಲಿ, ಬಿರುಕಾಗಲಿ, ಆರೈಕೆ ಹೆಚ್ಚುಕಡಿಮೆ ಒಂದೇ. ಕೆಮ್ಮು ಬಂದಾಗ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದು ಕೆಮ್ಮಿ. ಎಣ್ಣೆ ಹಚ್ಚಿಕೊಳ್ಳಿ, ಆದರೆ ಗಟ್ಟಿಯಾಗಿ ತಿಕ್ಕಿಸಬೇಡಿ. ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವುದಂತೂ ಬೇಡವೇ ಬೇಡ. ಉಸಿರು ಮೇಲುಮೇಲಕ್ಕೇ ಆಗಿ ಕಫ ಒಳಗೇ ಉಳಿದುಬಿಡುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಲಿವರ್ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಳುಕು ಕೆಲವು ವಾರದಲ್ಲಿ ಹೋಗುತ್ತದೆ, ಬಿರುಕಿಗೆ ಆರರಿಂದ ಎಂಟು ವಾರ ಬೇಕು.

ತಟ್ಟನೆ ಏದುಸಿರು, ಕಫದಲ್ಲಿ ರಕ್ತ, ಒಂದೇ ಕಾಲು ಊದಿ ನೋಯುವುದು, ತಲೆ ಸುತ್ತಿ ಬೀಳುವ ಹಾಗಾಗುವುದು, ಎದೆ ಹಿಂಡಿದಂತಾಗಿ ತೋಳಿಗೆ, ದವಡೆಗೆ ನೋವು ಹರಿಯುವುದು: ಇವುಗಳಲ್ಲಿ ಯಾವುದಿದ್ದರೂ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ಶ್ವಾಸಕೋಶಕ್ಕೆ ಹೆಪ್ಪುಗಟ್ಟಿದ ರಕ್ತ ಹೋಗಿ ಸಿಕ್ಕಿಕೊಂಡರೂ ಹೀಗೇ ಪಕ್ಕೆ ಚುಚ್ಚುತ್ತದೆ. ಚಳಿಜ್ವರ ಬಂದರೆ ಅದೇ ದಿನ ತೋರಿಸಿ.

ಮತ್ತೆ, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಬಿಪಿಗೆ ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ತಗೊಳ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಒಣಕೆಮ್ಮು ಅದರಿಂದಲೇ ಬಂದಿರಬಹುದು.