ಕಥೆ ಹೇಳುವ ಮೊದಲು ಆಡಬೇಕಾದ ಮಾತು

1949ರ ನವೆಂಬರ್. ವಿಕ್ಟರ್ ಡೆಸ್ನಿ ಎಂಬ ಬರಹಗಾರರು ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ಕಚೇರಿಗೆ ಫೋನ್ ಮಾಡಿದರು. ಸಿಕ್ಕಿದ್ದು ಕಾರ್ಯದರ್ಶಿ. ಡೆಸ್ನಿ ಕೈಯಲ್ಲಿದ್ದದ್ದು 65 ಪುಟಗಳ ಕಥೆ. 1925ರಲ್ಲಿ ಗುಹೆಯೊಳಗೆ ಸಿಕ್ಕಿಬಿದ್ದ ಫ್ಲಾಯ್ಡ್ ಕಾಲಿನ್ಸ್ ಎಂಬಾತನ ನಿಜವಾದ ಘಟನೆ ಅದಕ್ಕೆ ಆಧಾರ. ಅಷ್ಟು ಉದ್ದದ್ದನ್ನು ವೈಲ್ಡರ್ ಓದುವುದಿಲ್ಲ ಎಂದರು ಕಾರ್ಯದರ್ಶಿ. ಡೆಸ್ನಿ ಅದನ್ನು ಮೂರ್ನಾಲ್ಕು ಪುಟಕ್ಕೆ ಇಳಿಸಿ, ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದರು. ಅವರು ಓದುತ್ತಾ ಹೋದರು, ಕಾರ್ಯದರ್ಶಿ ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಕಥೆ ಬಳಸಿದರೆ ತಕ್ಕ ಹಣ ಕೊಡಬೇಕು ಎಂದು ಡೆಸ್ನಿ ಹೇಳಿದ್ದರು. ಬಳಸಿದರೆ ಖಂಡಿತ ಕೊಡುತ್ತಾರೆ ಎಂಬ ಉತ್ತರವೂ ಬಂದಿತ್ತು ಎನ್ನುವುದು ಅವರ ವಾದ.

ಮರುವರ್ಷ ಅದೇ ಘಟನೆಯನ್ನು ಹೋಲುವ ವೈಲ್ಡರ್ ಸಿನಿಮಾದ ಚಿತ್ರೀಕರಣ ನಡೆಯುತ್ತಿರುವುದು ಅವರಿಗೆ ಗೊತ್ತಾಯಿತು. ಕೇಸು ಹಾಕಿದರು.

1956ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಂದಿಗೂ ಬರಹಗಾರರಿಗೆ ಮುಖ್ಯ. ಕಥೆಯ ಎಳೆಗೆ ಯಾರೂ ಒಡೆಯರಲ್ಲ, ನಡೆದುಹೋದ ಘಟನೆಗೂ ಇಲ್ಲ. ಆದರೆ 'ಬಳಸಿದರೆ ಹಣ ಕೊಡಬೇಕು' ಎಂಬ ಷರತ್ತನ್ನು ಕೇಳಿಸಿಕೊಂಡು, ಒಪ್ಪಿ, ಆಮೇಲೆ ಕಥೆ ಪಡೆದು ಬಳಸಿದರೆ ಅಲ್ಲಿ ಒಂದು ಒಪ್ಪಂದ ಹುಟ್ಟಬಹುದು. ಹಾಗಾಗಿ ಡೆಸ್ನಿಯವರ ವಾದವನ್ನು ವಿಚಾರಣೆ ಇಲ್ಲದೆ ತಳ್ಳಿಹಾಕುವಂತಿಲ್ಲ ಎಂದಿತು ಕೋರ್ಟ್. ಷರತ್ತು ಹಾಕದೆ ಮೊದಲೇ ಎಲ್ಲ ಹೇಳಿಬಿಟ್ಟವರು ಯಾರನ್ನೂ ದೂರುವಂತಿಲ್ಲ ಎಂದೂ ಹೇಳಿತು. ಇದು ಅಲ್ಲಿನ ಕಾನೂನು, ಎಲ್ಲ ದೇಶಕ್ಕೂ ಹಾಗೇ ಅನ್ವಯಿಸುವುದಿಲ್ಲ. ಆದರೂ ಷರತ್ತು ಮೊದಲು, ಕಥೆ ಆಮೇಲೆ ಎಂಬ ಕ್ರಮ ಎಲ್ಲಿದ್ದರೂ ಪಾಲಿಸಬೇಕಾದದ್ದೇ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮಲ್ಲೂ ಇಂಥದ್ದೊಂದು ನಡೆಯಿತು. ಆರ್.ಜಿ. ಆನಂದ್ 'ಹಮ್ ಹಿಂದೂಸ್ತಾನಿ' ಎಂಬ ನಾಟಕ ಬರೆದಿದ್ದರು. ಅದು ರಂಗದ ಮೇಲೂ ಬಂದಿತ್ತು. 1955ರಲ್ಲಿ ಒಬ್ಬ ಚಿತ್ರ ನಿರ್ದೇಶಕರಿಗೆ ಇಡೀ ನಾಟಕ ಓದಿ ಹೇಳಿದರು. 1956ರಲ್ಲಿ ಬಂದ ಆ ನಿರ್ದೇಶಕರ ಸಿನಿಮಾ 'ನ್ಯೂ ಡೆಲ್ಲಿ' ತಮ್ಮ ನಾಟಕದ ನಕಲು ಎಂದು ಆನಂದ್ ಅವರಿಗೆ ಅನ್ನಿಸಿತು. ಕೇಸು ಸುಪ್ರೀಂ ಕೋರ್ಟ್ ಮುಟ್ಟಿತು. 1978ರಲ್ಲಿ ಅವರು ಸೋತರು. ಪ್ರಾಂತೀಯತೆ ಎಂಬ ವಿಷಯ ಎರಡರಲ್ಲೂ ಇದೆ, ಆದರೆ ಅದನ್ನು ಹೇಳಿದ ರೀತಿ ಬೇರೆ ಎಂದಿತು ಕೋರ್ಟ್.

ನಾಟಕ ಬರೆದವರು ಯಾರು ಎಂಬುದು ಇಲ್ಲಿ ಪ್ರಶ್ನೆಯೇ ಆಗಿರಲಿಲ್ಲ, ಅಲ್ವಾ? ಬರೆದದ್ದನ್ನು ಒಂದು ಸಂಘದಲ್ಲೋ ಕಚೇರಿಯಲ್ಲೋ ದಾಖಲಿಸಿಡುವ ನೋಂದಣಿ ಇದ್ದಿದ್ದರೂ ಈ ಕೇಸು ಗೆಲ್ಲುತ್ತಿರಲಿಲ್ಲ. ನೋಂದಣಿಯ ಮಿತಿ ಕಾಣುವುದು ಇಲ್ಲೇ. 'ಈ ಪುಟಗಳು ಈ ದಿನ ನನ್ನ ಬಳಿ ಇದ್ದವು' ಎಂದಷ್ಟೇ ಅದು ಹೇಳಬಲ್ಲದು. ಎಳೆಗೆ ಬೇಲಿ ಹಾಕುವುದಿಲ್ಲ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ಅದಕ್ಕೆ ಯಾವ ಕಚೇರಿಯ ಮುದ್ರೆಯೂ ಬೇಕಿಲ್ಲ ಎಂದು ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ 1908ರಲ್ಲೇ ಒಪ್ಪಿಕೊಂಡಿತ್ತು. ಹಾಗಿದ್ದೂ ಬರಹಗಾರರು ನೋಂದಣಿ ಮಾಡಿಸುವುದು ತಾರೀಖಿನ ಸಾಕ್ಷಿಗಾಗಿ.

ಅಲ್ಲೂ ಎರಡು ಬಗೆ ಇದೆ. ಒಂದು ಬರಹಗಾರರ ಸಂಘದ್ದು, ಇನ್ನೊಂದು ಸರ್ಕಾರದ ಕಾಪಿರೈಟ್ ಕಚೇರಿಯದ್ದು. ಅಮೆರಿಕದ ಪಶ್ಚಿಮ ವಲಯದ ಬರಹಗಾರರ ಸಂಘದ ನೋಂದಣಿ ಐದು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ನವೀಕರಿಸಬೇಕು. ಅಲ್ಲಿನ ಕೃತಿಗೆ ಸಂಬಂಧಿಸಿ ಕಾಪಿರೈಟ್ ಕೇಸು ಹಾಕಬೇಕಾದರೆ ಸರ್ಕಾರದ ನೋಂದಣಿಯೇ ಬೇಕು. ಭಾರತದಲ್ಲಿ ಅದು ಕಡ್ಡಾಯವಲ್ಲ, ಆದರೆ ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷಿಯಾಗಿ ನಿಲ್ಲುತ್ತದೆ. ತನಗೇ ಅಂಚೆಯಲ್ಲಿ ಕಳಿಸಿಕೊಂಡ ಲಕೋಟೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ತೆರೆದ ಲಕೋಟೆಯನ್ನೇ ಕಳಿಸಿಕೊಂಡು, ಆಮೇಲೆ ಪುಟ ತುಂಬಿ ಅಂಟಿಸಬಹುದು ತಾನೇ?

ಮೂರನೇ ಕರಡು ಮುಗಿಸಿದ ಬರಹಗಾರ್ತಿಯೊಬ್ಬರನ್ನು ಊಹಿಸಿಕೊಳ್ಳಿ. ಒಂದು ಸಾಲಿನ ಎಳೆಯನ್ನಲ್ಲ, ದೃಶ್ಯ ಮತ್ತು ಸಂಭಾಷಣೆ ಇರುವ ಪೂರ್ತಿ ಸ್ಕ್ರಿಪ್ಟನ್ನೇ ಅವರು ನೋಂದಾಯಿಸುತ್ತಾರೆ. ಕೋರ್ಟು ಹೋಲಿಸಿ ನೋಡುವುದು ಅದನ್ನೇ. ಕ್ಲೈಮ್ಯಾಕ್ಸ್ ಬದಲಾಯಿಸಿದ ಮೇಲೆ ಮತ್ತೊಮ್ಮೆ ಮಾಡಿಸುತ್ತಾರೆ. ನಿರ್ಮಾಪಕರಿಗೆ ಮೊದಲು ಹೋಗುವುದು ಒಂದು ಸಣ್ಣ ಇಮೇಲ್: 'ಕಥೆ ಕೇಳಲು ಆಸಕ್ತಿ ಇದೆಯೇ? ಬಳಸುವುದಾದರೆ ಸಂಭಾವನೆ ಮತ್ತು ಹೆಸರಿನ ಬಗ್ಗೆ ಮಾತಾಡಿಕೊಂಡೇ ಬಳಸಬೇಕು, ಬೇರೆಯವರಿಗೆ ತೋರಿಸಬಾರದು.' ಒಪ್ಪಿಗೆಯ ಉತ್ತರ ಬಂದ ಮೇಲೆ ಎರಡು ಪುಟದ ಸಾರಾಂಶ. ಆಸಕ್ತಿ ಉಳಿದರೆ ಮಾತ್ರ ಪೂರ್ತಿ ಸ್ಕ್ರಿಪ್ಟ್, ಪಡೆದವರ ಹೆಸರು ಪ್ರತಿ ಪುಟದಲ್ಲಿ ಮಸುಕಾಗಿ ಕಾಣುವಂತೆ. ಭೇಟಿಯಾಗಿ ಕಥೆ ಹೇಳಿದರೆ ಅಂದು ಸಂಜೆಯೇ ಇನ್ನೊಂದು ಇಮೇಲ್: ಯಾರು ಇದ್ದರು, ಏನು ಹೇಳಿದೆ, ಏನು ಮಾತಾಯಿತು.

ಕೆಲವು ಸಂಸ್ಥೆಗಳು ಕಥೆ ಕೇಳುವ ಮೊದಲೇ ಒಂದು ಕಾಗದಕ್ಕೆ ಸಹಿ ಕೇಳುತ್ತವೆ. 'ಇಂಥದೇ ಕಥೆ ನಮ್ಮ ಬಳಿ ಇರಬಹುದು, ಆಗ ನಿಮಗೆ ಏನೂ ಕೊಡಬೇಕಿಲ್ಲ' ಎಂಬರ್ಥದ ಸಾಲು ಅದರಲ್ಲಿ ಇರುತ್ತದೆ. ಡೆಸ್ನಿಯಂಥವರ ದಾವೆಗಳಿಂದ ಸ್ಟುಡಿಯೋಗಳು ತಮ್ಮನ್ನು ಕಾಪಾಡಿಕೊಳ್ಳುವ ದಾರಿ ಅದು. ಇಮೇಲಿನಲ್ಲಿ ಹಾಕಿದ ಷರತ್ತನ್ನು ಆ ಒಂದು ಸಹಿ ಅಳಿಸಿಹಾಕಬಹುದು. ಸುಮ್ನೆ ಸಹಿ ಹಾಕಬೇಡಿ. ಆ ಸಾಲನ್ನು ಮೊದಲು ಒಬ್ಬ ವಕೀಲರಿಗೆ ತೋರಿಸಿ.