ಸಬ್ಯಾಟಿಕಲ್ ಅಂದರೆ ಬರೀ ಉದ್ದದ ರಜೆನಾ?

ಓದುಗರ ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಇತಿಹಾಸ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಗೈಡ್ ಮೇಡಂ ಜುಲೈಯಿಂದ ಒಂದು ವರ್ಷ ‘ಸಬ್ಯಾಟಿಕಲ್ ರಜೆ’ಯಲ್ಲಿ ಇರುತ್ತಾರೆ ಎಂದು ವಿಭಾಗದ ಬೋರ್ಡಿಗೆ ನೋಟೀಸು ಅಂಟಿಸಿದ್ದಾರೆ. ಬೆಂಗಳೂರಿನ ಕಂಪನಿಯಲ್ಲಿರುವ ನಮ್ಮಣ್ಣ, ‘ಸಬ್ಯಾಟಿಕಲ್ ಅಂದ್ರೆ ಸಂಬಳ ಇಲ್ಲದ ರಜೆ, ಹೋದವರು ವಾಪಸ್ ಬರೋದು ಅನುಮಾನ’ ಅನ್ನುತ್ತಾನೆ. ನಿಜವೇ? ಇದು ಮಾಮೂಲಿ ರಜೆಗಿಂತ ಹೇಗೆ ಬೇರೆ?

ಉತ್ತರ: ನಿಮ್ಮಣ್ಣ ಹೇಳಿದ್ದು ಅವರ ಕಂಪನಿಯ ಮಟ್ಟಿಗೆ ಸರಿ ಇರಬಹುದು. ಖಾಸಗಿ ಕಂಪನಿಗಳಲ್ಲಿ ಸಂಬಳ ಬಿಟ್ಟು ಕೆಲವು ತಿಂಗಳು ಬಿಡುವು ತೆಗೆದುಕೊಳ್ಳುವುದಕ್ಕೂ ಇದೇ ಹೆಸರು ಬಳಸುತ್ತಾರೆ. ವಿಶ್ವವಿದ್ಯಾಲಯದ ನೋಟೀಸಿನಲ್ಲಿ ಬರುವ ಸಬ್ಯಾಟಿಕಲ್ ಬೇರೆ. ಅಲ್ಲಿ ಪಾಠದಿಂದ ಬಿಡುವು ಸಿಗುತ್ತದೆ, ಕೆಲಸದಿಂದ ಸಿಗುವುದಿಲ್ಲ. ಸಂಬಳವೂ ನಿಲ್ಲುವುದಿಲ್ಲ.

ಹೀಬ್ರೂ ಭಾಷೆಯ ‘ಶಬ್ಬಾತ್’ನಿಂದ ಬಂದ ಪದ ಇದು. ಯಹೂದಿಗಳ ಹಳೆಯ ಕಟ್ಟಳೆಯಲ್ಲಿ ಆರು ವರ್ಷ ಉತ್ತ ಹೊಲವನ್ನು ಏಳನೇ ವರ್ಷ ಬೀಳು ಬಿಡಬೇಕಿತ್ತು. 1880ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಈ ಏಳರ ಲೆಕ್ಕವನ್ನು ತನ್ನ ಅಧ್ಯಾಪಕರ ರಜೆಗೆ ತಂದುಕೊಂಡಿತು. ಅದೇ ಏಳು ಇವತ್ತು ನಮ್ಮ ಯುಜಿಸಿ ನಿಯಮದಲ್ಲೂ ಇದೆ.

ಮೊದಲು ಮಾಮೂಲಿ ರಜೆ ನೋಡೋಣ. ಅಧ್ಯಾಪಕರಿಗೆ ಯುಜಿಸಿಯ 2018ರ ನಿಯಮದಲ್ಲಿ ಸಿಎಲ್ ವರ್ಷಕ್ಕೆ 8 ದಿನ. ಅದು ಬಿಟ್ಟರೆ ಗಳಿಕೆ ರಜೆ, ಎಲ್ಲರೂ ಇಎಲ್ ಅನ್ನುವಂಥದ್ದು. ಮಾಡಿದ ಸೇವೆಯ ಮೂವತ್ತನೇ ಒಂದು ಭಾಗ ಇಎಲ್ ಆಗಿ ಖಾತೆಗೆ ಜಮೆಯಾಗುತ್ತದೆ. ಅಂದರೆ ವರ್ಷಕ್ಕೆ ಸುಮಾರು 12 ದಿನ. ಬೇಸಿಗೆ ರಜೆಯಲ್ಲೂ ಡ್ಯೂಟಿ ಹಾಕಿದರೆ ಇನ್ನಷ್ಟು ಸೇರುತ್ತದೆ. ಹೀಗೆ ಕೂಡಿಸಿದ್ದು 300 ದಿನ ದಾಟುವಂತಿಲ್ಲ. ರಜೆ ಹಾಕಿದಷ್ಟು ದಿನ ಖಾತೆಯಿಂದ ಕಳೆಯುತ್ತಾರೆ. ಮಗಳ ಮದುವೆಗೋ ಮನೆ ಕಟ್ಟಿಸುವುದಕ್ಕೋ ಇಎಲ್ ಹಾಕಿದವರನ್ನು, ‘ಈ ದಿನಗಳಲ್ಲಿ ಏನು ಓದಿದಿರಿ, ಏನು ಬರೆದಿರಿ’ ಎಂದು ವಾಪಸ್ ಬಂದ ಮೇಲೆ ಯಾರೂ ಕೇಳುವುದಿಲ್ಲ. ಅದು ಅವರು ಗಳಿಸಿದ ರಜೆ.

ಸಬ್ಯಾಟಿಕಲ್ ಹೀಗೆ ಜಮೆ ಆಗುವುದೂ ಇಲ್ಲ, ಖಾತೆಯಿಂದ ಕಳೆಯುವುದೂ ಇಲ್ಲ. ವ್ಯಾಸಂಗಕ್ಕೆಂದು ಪ್ರತ್ಯೇಕವಾಗಿ ಕೊಡುವ ರಜೆಗಳ ಸಾಲಿಗೆ ಅದು ಸೇರುತ್ತದೆ. ಏನು ಕೆಲಸ ಮಾಡುತ್ತೇನೆ ಎಂದು ಅರ್ಜಿಯ ಜೊತೆಗೇ ಬರೆದು ಕೊಡಬೇಕು. ಅದಕ್ಕೆ ವಿಶ್ವವಿದ್ಯಾಲಯ ಒಪ್ಪಬೇಕು. ಮುಗಿಸಿ ಬಂದ ಮೇಲೆ ಏನು ಮಾಡಿದೆ ಎಂದು ವರದಿ ಕೊಡಬೇಕು. ನನ್ನ ಲೆಕ್ಕದಲ್ಲಿ ಎರಡು ರಜೆಗಳ ನಡುವಿನ ದೊಡ್ಡ ಅಂತರ ಇದೇ. ದಿನಗಳ ಸಂಖ್ಯೆ ಆಮೇಲಿನ ಮಾತು.

ನಿಮ್ಮ ಮೇಡಂ ಅವರ ವಿಷಯ ನನಗೆ ಗೊತ್ತಿಲ್ಲ, ಹಾಗಾಗಿ ಒಂದು ಉದಾಹರಣೆ ಮಾಡಿಕೊಳ್ಳೋಣ. ಒಬ್ಬರು 2008ರಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದರು. 2017ರ ಆಗಸ್ಟಿನಲ್ಲಿ ಸಹ ಪ್ರಾಧ್ಯಾಪಕರಾದರು. 2015ಕ್ಕೇ ಏಳು ವರ್ಷ ಸೇವೆ ಆಯಿತಲ್ಲ, ಆಗಲೇ ಸಬ್ಯಾಟಿಕಲ್ ಕೇಳಬಹುದಿತ್ತಲ್ವಾ ಅಂದರೆ, ಇಲ್ಲ. ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲೇ ಏಳು ವರ್ಷ ಆಗಿರಬೇಕು. ಆ ಲೆಕ್ಕದಲ್ಲಿ ಅವರಿಗೆ ಅರ್ಹತೆ ಬಂದಿದ್ದು 2024ರ ಆಗಸ್ಟಿಗೆ. ನಡುವೆ ಅವರು ಅಧ್ಯಯನ ರಜೆ ತೆಗೆದುಕೊಂಡಿದ್ದರೆ, ಅದರಿಂದ ವಾಪಸ್ ಬಂದು ಐದು ವರ್ಷ ಕಳೆದಿರಬೇಕು. ಅಧ್ಯಯನ ರಜೆಯನ್ನೂ ಸಬ್ಯಾಟಿಕಲ್ಲನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ. ಮೊದಲನೆಯದು ಹೆಚ್ಚಾಗಿ ಸೇವೆಯ ಶುರುವಿನಲ್ಲಿ ಇರುವವರು ಮುಂದೆ ಓದಲಿ ಎಂದು ಕೊಡುವುದು. ಅದಕ್ಕೆ ಬಾಂಡ್ ಬರೆದುಕೊಡಬೇಕು, ಬಂದ ಮೇಲೆ ಕನಿಷ್ಠ ಮೂರು ವರ್ಷ ಅಲ್ಲೇ ಕೆಲಸ ಮಾಡಬೇಕು.

ಈಗ ಅವರ ಅರ್ಜಿಗೆ ಬರೋಣ. ಅಶೋಕನ ಕಿರು ಬಂಡೆ ಶಾಸನಗಳ ಬಗ್ಗೆ ಕೆಲಸ ಮಾಡಬೇಕು ಎಂದು ಬರೆದಿದ್ದಾರೆ ಅಂದುಕೊಳ್ಳಿ. ನಮ್ಮ ಮೂರು ಜಿಲ್ಲೆಗಳಲ್ಲೇ ಐದು ಕಡೆ ಅವು ಇವೆ. ರಾಯಚೂರು ಜಿಲ್ಲೆಯ ಮಸ್ಕಿಯದು 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕನ ಹೆಸರೇ ಇದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು 1931ರಲ್ಲಿ ಬೆಳಕಿಗೆ ಬಂದವು. ಇನ್ನೆರಡು ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳದಲ್ಲಿವೆ. ‘ಶಾಸನಗಳ ಅಧ್ಯಯನ ಮಾಡುತ್ತೇನೆ’ ಎಂದು ಒಂದು ಸಾಲು ಬರೆದರೆ ಸಾಲದು. ಯಾವ ತಿಂಗಳಲ್ಲಿ ಎಲ್ಲಿ, ಯಾರ ಅನುಮತಿ ಬೇಕು, ಕೊನೆಗೆ ಪುಸ್ತಕವೋ ಲೇಖನಗಳೋ, ಎಲ್ಲ ಬಿಡಿಸಿ ಹೇಳಿದ್ದರೆ ಅರ್ಜಿ ಗಟ್ಟಿಯಾಗುತ್ತದೆ.

ಇಂಥ ಕೆಲಸಕ್ಕೆ ಇಎಲ್ ಯಾಕೆ ಸಾಲದು ಎಂದು ಪಾಲ್ಕಿಗುಂಡು ಹತ್ತಿದವರಿಗೆ ಗೊತ್ತು. ಗುಡ್ಡದ ಮೇಲೆ ಒಂದು ದೊಡ್ಡ ಗುಂಡು ಚಪ್ಪರದ ಹಾಗೆ ಕೂತಿದೆ, ಅದರಡಿ ಅಕ್ಷರಗಳಿವೆ. ಸವೆದ ಬ್ರಾಹ್ಮಿ ಅಕ್ಷರ ನಡುಹಗಲಿನ ಬೆಳಕಲ್ಲಿ ಬಂಡೆಯ ಒರಟಿನೊಳಗೆ ಕಲೆಸಿಹೋಗುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೆರೆಯ ಅಂಚಿಗೆ ನೆರಳು ಹಿಡಿದು ಅಕ್ಷರ ಎದ್ದು ಕಾಣುತ್ತದೆ. ಹಾಗಾಗಿ ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಒಂದು ಸಾಲಿನ ಅನುಮಾನ ತೀರಿಸಿಕೊಳ್ಳಲು ಮತ್ತೆ ಮತ್ತೆ ಹೋಗಬೇಕು. ಹತ್ತು ಗಂಟೆಗೆ ಎಂ.ಎ. ಕ್ಲಾಸ್ ಇಟ್ಟುಕೊಂಡು ಇದು ಆಗುವ ಮಾತಲ್ಲ. ಇಎಲ್‌ನಲ್ಲೇ ಮಾಡುತ್ತೇನೆ ಅಂದರೆ ವರ್ಷಕ್ಕೆ 12ರಂತೆ ಒಂದು ವರ್ಷ ಕೂಡಿಸಲು ಮೂವತ್ತು ವರ್ಷ ಬೇಕು, ಆದರೆ 300ಕ್ಕೇ ಬಾಗಿಲು ಮುಚ್ಚುತ್ತದೆ!

ಅರ್ಜಿ ಮಂಜೂರಾದರೆ ಒಂದು ಸಲಕ್ಕೆ ಹೆಚ್ಚೆಂದರೆ ಒಂದು ವರ್ಷ, ಇಡೀ ಸೇವೆಯಲ್ಲಿ ಎರಡು ವರ್ಷ. ಪೂರ್ತಿ ಸಂಬಳ ಮತ್ತು ಭತ್ಯೆ ಬರುತ್ತದೆ, ಇನ್‌ಕ್ರಿಮೆಂಟೂ ಆಯಾ ದಿನಕ್ಕೆ ಬರುತ್ತದೆ. ಬೇರೆ ಕಡೆ ಕಾಯಂ ಕೆಲಸ ಹಿಡಿಯುವಂತಿಲ್ಲ. ಫೆಲೋಶಿಪ್ ಅಥವಾ ಗೌರವಧನದ ತಾತ್ಕಾಲಿಕ ಕೆಲಸಕ್ಕೆ ಅನುಮತಿ ಸಿಗಬಹುದು, ಆಗ ಸಿಂಡಿಕೇಟ್ ಬಯಸಿದರೆ ಸಂಬಳ ಕಡಿಮೆ ಮಾಡಬಹುದು. ‘ಹೋದವರು ಬರೋದು ಅನುಮಾನ’ ಅನ್ನುವ ಮಾತಿಗೂ ನಿಯಮದಲ್ಲಿ ಉತ್ತರ ಇದೆ. ರಜೆ ಮುಗಿಸಿ ವಾಪಸ್ ಸೇರಿದರೆ ಮಾತ್ರ ಆ ವರ್ಷ ಪಿಂಚಣಿಯ ಸೇವೆಗೆ ಲೆಕ್ಕವಾಗುತ್ತದೆ.

ಆದರೆ ಏಳು ವರ್ಷ ಆಯಿತು ಅಂದಮಾತ್ರಕ್ಕೆ ಸಬ್ಯಾಟಿಕಲ್ ಹಕ್ಕಲ್ಲ. ನಿಯಮ ‘ಕೊಡಬಹುದು’ ಅನ್ನುತ್ತದೆ, ‘ಕೊಡಬೇಕು’ ಅನ್ನುವುದಿಲ್ಲ. ಕಾಯಂ ಅಧ್ಯಾಪಕರು ಇಬ್ಬರೇ ಇರುವ ವಿಭಾಗದಲ್ಲಿ ಒಬ್ಬರನ್ನು ವರ್ಷಗಟ್ಟಲೆ ಕಳಿಸಲು ಮುಖ್ಯಸ್ಥರು ಹಿಂದೆಮುಂದೆ ನೋಡುವುದು ಸಹಜ. ಅತಿಥಿ ಉಪನ್ಯಾಸಕರಿಗಂತೂ ಈ ರಜೆ ಇಲ್ಲವೇ ಇಲ್ಲ, ಇದು ಕಾಯಂ, ಪೂರ್ಣಾವಧಿ ಅಧ್ಯಾಪಕರಿಗೆ ಮಾತ್ರ. ಹತ್ತಾರು ವರ್ಷ ಅತಿಥಿಯಾಗಿಯೇ ಪಾಠ ಮಾಡುತ್ತಾ ಸಂಶೋಧನೆಯನ್ನೂ ಎಳೆದುಕೊಂಡು ಹೋಗುತ್ತಿರುವವರನ್ನು ಕಂಡಾಗ ಇದು ನನಗೆ ಬಹಳ ಬೇಜಾರು ತರಿಸುತ್ತದೆ.

ಇನ್ನು ನೀವು ಏನು ಮಾಡಬೇಕು? ನೋಟೀಸಿನಲ್ಲಿ ತಾರೀಖು ಮತ್ತು ಆದೇಶದ ಸಂಖ್ಯೆ ನೋಡಿ ಬರೆದಿಟ್ಟುಕೊಳ್ಳಿ. ಸಬ್ಯಾಟಿಕಲ್‌ಗೆ ಹೋದಮಾತ್ರಕ್ಕೆ ಮೇಡಂ ನಿಮ್ಮ ಗೈಡ್ ಅಲ್ಲ ಎಂದಾಗುವುದಿಲ್ಲ ಅಂದುಕೊಂಡು ಸುಮ್ನೆ ಕೂರಬೇಡಿ, ಪಿಎಚ್‌ಡಿ ವಿಭಾಗದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಪಿಎಚ್‌ಡಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಒಂದು ವರ್ಷ ಅಂದರೆ ಅಂಥ ಎರಡು ಸಭೆ. ಅವಕ್ಕೆ ಮೇಡಂ ಬರುತ್ತಾರಾ, ಬರದಿದ್ದರೆ ಯಾರು ಕೂರುತ್ತಾರೆ, ಹಾಜರಾತಿ ಮತ್ತು ಫೆಲೋಶಿಪ್ ಕಾಗದಗಳಿಗೆ ಯಾರ ಸಹಿ ಎಂದು ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ಪಡೆಯಿರಿ. ಜೂನ್ ಕೊನೆಯ ವಾರದ ತನಕ ಕಾಯಬೇಡಿ. ಅರ್ಜಿಯ ಒಂದು ಪ್ರತಿಗೆ ವಿಭಾಗದ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ.