ರೂಟ್ ಲೋಕಸ್: ಕೋನದಿಂದ ಹುಟ್ಟಿದ ನಿಯಮಗಳು, ಪೋಲ್ ಸೇರಿದರೆ ಬಲಕ್ಕೆ, ಝೀರೊ ಸೇರಿದರೆ ಎಡಕ್ಕೆ

ನಿಯಂತ್ರಣ ವ್ಯವಸ್ಥೆಯೊಂದು ಸ್ಥಿರವಾಗಿ ನಿಲ್ಲುವುದೋ ಓಲಾಡುವುದೋ ಎಂಬುದು ಅದರ ಲಕ್ಷಣ ಸಮೀಕರಣದ ಮೂಲಗಳು ಎಲ್ಲಿವೆ ಎಂಬುದರ ಮೇಲೆ ನಿಂತಿದೆ. 1868ರಲ್ಲಿ ಮ್ಯಾಕ್ಸ್‌ವೆಲ್ ಗವರ್ನರ್‌ಗಳ ಕುರಿತು ಬರೆದಾಗಲೇ ಇದು ತಿಳಿದಿತ್ತು. ಮೂಲಗಳನ್ನು ಬಿಡಿಸದೆಯೇ ಸ್ಥಿರತೆಯನ್ನು ಪರೀಕ್ಷಿಸುವ ದಾರಿಯನ್ನು 1877ರಲ್ಲಿ ರೌತ್ ಕೊಟ್ಟರು, 1932ರಲ್ಲಿ ನೈಕ್ವಿಸ್ಟ್ ಆವರ್ತನದ ದಾರಿ ತೋರಿಸಿದರು. ಆದರೆ ಗೇನ್ K ಹೆಚ್ಚಿದಂತೆ ಮೂಲಗಳು ಯಾವ ಹಾದಿಯಲ್ಲಿ ಸಾಗುತ್ತವೆ ಎಂಬುದನ್ನು ಕಣ್ಣಿಗೆ ಕಾಣಿಸುವ ರೂಟ್ ಲೋಕಸ್ ಎಂಬ ಸುಲಭ ವಿಧಾನವನ್ನು 1948ರಲ್ಲಿ ವಾಲ್ಟರ್ ಇವಾನ್ಸ್ ಪ್ರಕಟಿಸಿದರು.

ಪ್ರತಿ K ಬೆಲೆಗೂ ಬಹುಪದವನ್ನು ಕೈಯಿಂದ ಬಿಡಿಸುವುದು ಆ ಕಾಲದಲ್ಲಿ ದಿನಗಟ್ಟಲೆಯ ಕೆಲಸವಾಗಿತ್ತು. ಇವಾನ್ಸ್ ಪ್ರಶ್ನೆಯನ್ನೇ ತಿರುಗಿಸಿದರು: ಸಂಕೀರ್ಣ ಸಮತಲದ ಮೇಲೆ ಒಂದು ಬಿಂದುವನ್ನು ಆರಿಸಿಕೊಂಡು, ಅದು ಯಾವುದಾದರೂ ಧನ K ಬೆಲೆಗೆ ಮೂಲವಾಗಬಲ್ಲದೇ ಎಂದು ಕೇಳಿದರು. ವರ್ಗಾವಣೆ ಫಲನದ ಅಂಶವನ್ನು ಸೊನ್ನೆಯಾಗಿಸುವ ಝೀರೊಗಳಿಂದ ಆ ಬಿಂದುವಿಗೆ ಎಳೆದ ರೇಖೆಗಳ ಕೋನಗಳ ಮೊತ್ತದಿಂದ, ಛೇದವನ್ನು ಸೊನ್ನೆಯಾಗಿಸುವ ಪೋಲ್‌ಗಳ ಕೋನಗಳ ಮೊತ್ತವನ್ನು ಕಳೆದಾಗ 180 ಡಿಗ್ರಿಯ ಬೆಸ ಗುಣಕ ಬಂದರೆ ಉತ್ತರ ಹೌದು. ಕೋನಗಳನ್ನು ಕೂಡಲು ಮತ್ತು ಉದ್ದಗಳನ್ನು ಗುಣಿಸಲು ಅವರು ತಿರುಗುವ ತೋಳಿದ್ದ ಸ್ಪಿರ್ಯೂಲ್ ಎಂಬ ಪ್ಲಾಸ್ಟಿಕ್ ಸಾಧನವನ್ನೂ ರೂಪಿಸಿದರು.

ಇಂದು ತರಗತಿಗಳಲ್ಲಿ ಏಳೆಂಟು ನಿಯಮಗಳಾಗಿ ಉರು ಹೊಡೆಸುವುದೆಲ್ಲ ಬಹುತೇಕ ಈ ಒಂದು ಕೋನ ನಿಯಮದ ಫಲ. ವಾಸ್ತವ ಅಕ್ಷದ ಮೇಲಿನ ಬಿಂದುವಿನ ಬಲಕ್ಕಿರುವ ಪೋಲ್ ಮತ್ತು ಝೀರೊಗಳ ಒಟ್ಟು ಎಣಿಕೆ ಬೆಸವಾಗಿದ್ದರೆ ಆ ಬಿಂದು ಲೋಕಸ್ ಮೇಲಿರುತ್ತದೆ. ಬಲಕ್ಕಿರುವ ಪ್ರತಿಯೊಂದೂ 180 ಡಿಗ್ರಿ ಕೊಡುತ್ತದೆ, ಎಡಕ್ಕಿರುವವು ಏನನ್ನೂ ಕೊಡುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಕಾರಣ ಬಿಟ್ಟು ನಿಯಮವನ್ನಷ್ಟೇ ಹಿಡಿದವರಿಗೆ, ಹೊಸ ಪೋಲ್ ಸೇರಿದಾಗ ಶಾಖೆ ಯಾವ ಕಡೆಗೆ ಬಾಗುತ್ತದೆ ಎಂದು ಊಹಿಸುವುದು ಕಷ್ಟವಾಗುತ್ತದೆ.

K/(s(s+2)) ಎಂಬ ಸರಳ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. 0 ಮತ್ತು -2ರಿಂದ ಹೊರಟ ಎರಡು ಶಾಖೆಗಳು K=1 ಆದಾಗ -1ರಲ್ಲಿ ಸೇರಿ, ಅಲ್ಲಿಂದ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ನೇರವಾಗಿ ಹೋಗುತ್ತವೆ. -1+j2 ಬಿಂದುವಿನಲ್ಲಿ ಎರಡು ಪೋಲ್‌ಗಳ ಕೋನಗಳ ಮೊತ್ತ ಸರಿಯಾಗಿ 180 ಡಿಗ್ರಿ.

ಈಗ -4ರಲ್ಲಿ ಇನ್ನೊಂದು ಪೋಲ್ ಸೇರಿಸಿದರೆ, ಅದೇ ಬಿಂದುವಿನಲ್ಲಿ ಹೊಸ ಪೋಲ್‌ನ ಕೋನ ಸುಮಾರು 33.7 ಡಿಗ್ರಿ, ಮೊತ್ತ 213.7ಕ್ಕೆ ಏರುತ್ತದೆ. ಅದನ್ನು ಮತ್ತೆ 180ಕ್ಕೆ ಇಳಿಸಬೇಕಾದರೆ ಬಿಂದು ಬಲಕ್ಕೆ ಸರಿಯಲೇಬೇಕು, ಏಕೆಂದರೆ ಬಲಕ್ಕೆ ಹೋದಷ್ಟೂ ಮೂರೂ ಕೋನಗಳು ಕಿರಿದಾಗುತ್ತವೆ. ಶಾಖೆ ಬಲಕ್ಕೆ ಬಾಗುವುದು ಹೀಗೆ. ಅದು K=48ರಲ್ಲಿ ಕಾಲ್ಪನಿಕ ಅಕ್ಷವನ್ನು ±j2.83ರ ಬಳಿ ದಾಟುತ್ತದೆ, ಆಮೇಲೆ ವ್ಯವಸ್ಥೆ ಅಸ್ಥಿರ. ಎಷ್ಟು ಗೇನ್ ಕೊಟ್ಟರೂ ಸ್ಥಿರವಾಗಿದ್ದ ವ್ಯವಸ್ಥೆಗೆ ಒಂದೇ ಪೋಲ್ ಮಿತಿ ಹಾಕಿತು.

ಈ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಶಾಖೆಗಳು ವಾಸ್ತವ ಅಕ್ಷ ಬಿಡುವ ಬ್ರೇಕ್‌ಅವೇ ಬಿಂದುವಿನಲ್ಲಿ. s(s+2)(s+4)ರ ಅವಕಲನವನ್ನು ಸೊನ್ನೆಯಾಗಿಸಿದಾಗ ಸಿಗುವ 3s²+12s+8=0 ಎಂಬುದಕ್ಕೆ -0.845 ಮತ್ತು -3.155 ಎಂಬ ಎರಡು ಉತ್ತರಗಳು ಬರುತ್ತವೆ, ಎರಡನ್ನೂ ಗ್ರಾಫ್ ಹಾಳೆಯ ಮೇಲೆ ಗುರುತಿಸಿಬಿಡುವುದು ಸಾಮಾನ್ಯ. -3.155ರ ಬಲಕ್ಕೆ ಎರಡು ಪೋಲ್‌ಗಳಿವೆ, ಎಣಿಕೆ ಸಮ, ಹಾಗಾಗಿ ಅದು ಲೋಕಸ್ ಮೇಲಿಲ್ಲ. ನಂಬಿಕೆಯಾಗದಿದ್ದರೆ ಅಲ್ಲಿ K ಎಷ್ಟೆಂದು ಹುಡುಕಿ ನೋಡಬಹುದು: ಸುಮಾರು -3.08 ಎಂಬ ಋಣ ಬೆಲೆ ಬರುತ್ತದೆ.

ಪೋಲ್‌ನ ಬದಲು -4ರಲ್ಲಿ ಝೀರೊ ಇಟ್ಟರೆ ಅದೇ 33.7 ಡಿಗ್ರಿ ಕಳೆಯಲ್ಪಡುತ್ತದೆ, ಉಳಿಯುವ 146.3ನ್ನು ಹಿಗ್ಗಿಸಲು ಬಿಂದು ಎಡಕ್ಕೆ ಸರಿಯಬೇಕು. ಶಾಖೆಗಳು -1.17ರಲ್ಲಿ ಅಕ್ಷ ಬಿಟ್ಟು, -4ನ್ನು ಕೇಂದ್ರವಾಗಿಟ್ಟುಕೊಂಡು 2.83 ತ್ರಿಜ್ಯದ ವೃತ್ತದ ಮೇಲೆ ಸುತ್ತಿ, -6.83ರಲ್ಲಿ ಮತ್ತೆ ಅಕ್ಷಕ್ಕೆ ಇಳಿಯುತ್ತವೆ. ಆಮೇಲೆ ಒಂದು ಝೀರೊದಲ್ಲಿ ಕೊನೆಗೊಳ್ಳುತ್ತದೆ, ಇನ್ನೊಂದು ಎಡಕ್ಕೆ ಅನಂತಕ್ಕೆ ಹೋಗುತ್ತದೆ.

ಇಷ್ಟು ಸುಲಭವಾದರೆ ಎಲ್ಲೆಡೆ ಝೀರೊ ಸೇರಿಸಬಹುದಲ್ಲ ಎನ್ನಿಸುತ್ತದೆ. ಆದರೆ ಒಂಟಿ ಝೀರೊ ಎಂದರೆ ಸಂಕೇತದ ಅವಕಲನ, ಅದು ಸೆನ್ಸರ್‌ನ ಗದ್ದಲವನ್ನು ಹಿಗ್ಗಿಸುತ್ತದೆ. ಆದ್ದರಿಂದ ಜೊತೆಗೆ ದೂರದಲ್ಲಿ ಒಂದು ಪೋಲ್ ಇಡುವುದು ರೂಢಿ. ಅದನ್ನು -20ರಲ್ಲಿ ಇಟ್ಟರೆ ಅಸಿಂಪ್ಟೋಟ್‌ಗಳ ಕೇಂದ್ರ -9 ಆಗುತ್ತದೆ, ಶಾಖೆಗಳು ಕೊನೆಗೆ ಆ ಲಂಬ ರೇಖೆಯತ್ತ ಸಾಗುತ್ತವೆ. ಪೋಲ್‌ನ್ನು -20ರಿಂದ -4ರತ್ತ ಹತ್ತಿರ ತಂದಂತೆಲ್ಲ ಈ ಕೇಂದ್ರ ಬಲಕ್ಕೆ ಜರುಗಿ, ಝೀರೊ ಕೊಟ್ಟ ಲಾಭ ಕರಗುತ್ತಾ ಹೋಗುತ್ತದೆ. ಎರಡೂ ಒಂದೇ ಜಾಗಕ್ಕೆ ಬಂದಾಗ ಮೊದಲಿನ ಲಂಬ ರೇಖೆ -1ರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.